ಇಳಕಲ್ ಸೀರೆ ಅಂಗಡಿಗೆ ಬರೆದ ಕೊಟೇಶನ್: 92 ಚಿತ್ರ, ಎರಡು ಸುತ್ತು, ಎರಡು ಬಗೆಯ ಹಕ್ಕು

‘ಒಂದ್ ಫೋಟೋಕ್ಕ ಎಷ್ಟ್ ತಗೋತೀರಿ?’ ಇಳಕಲ್‌ನ ಸೀರೆ ಅಂಗಡಿಯ ಸಾವ್ಕಾರ್ರು ಫೋನಿನಲ್ಲಿ ಕೇಳಿದ ಮೊದಲ ಮಾತು ಇದು. ಬಾಗಲಕೋಟೆಯಲ್ಲಿ ಕೂತು ಅಂಗಡಿಗಳ ಸಾಮಾನಿನ ಫೋಟೋ ತೆಗೆದು ಜೀವನ ಮಾಡುವ ನನಗೆ ಇದು ದಿನವೂ ಕೇಳುವ ಪ್ರಶ್ನೆ. ನಾನು ದರ ಹೇಳಲಿಲ್ಲ. ಒಮ್ಮೆ ಬಂದು ಸೀರೆ ನೋಡುತ್ತೇನೆ, ಆಮೇಲೆ ಕಾಗದದ ಮೇಲೆ ಬರೆದು ಕೊಡುತ್ತೇನೆ ಎಂದೆ. ಒಂದು ಫೋಟೋ ಎಂದರೆ ಅವರ ಮನಸ್ಸಿನಲ್ಲಿ ಏನಿದೆ, ನನ್ನ ಮನಸ್ಸಿನಲ್ಲಿ ಏನಿದೆ ಎಂಬುದು ಒಂದಾಗದೆ ದರ ಹೇಳಿದರೆ ಆ ದರಕ್ಕೆ ಅರ್ಥವಿಲ್ಲ.

ಅಂಗಡಿ ತಂದೆ-ಮಗನದು. ತಂದೆ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುತ್ತಾರೆ, ಮಗ ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಮ್ ನೋಡಿಕೊಳ್ಳುತ್ತಾನೆ. ಮಗ ಅದುವರೆಗೆ ಮೊಬೈಲಿನಲ್ಲೇ ಫೋಟೋ ಹೊಡೆದು ಹಾಕುತ್ತಿದ್ದ. ಫೋಟೋದಲ್ಲಿ ಕಿತ್ತಳೆಯಂತೆ ಕಂಡ ಸೀರೆ ಕೈಗೆ ಬಂದಾಗ ದಾಳಿಂಬೆ ಕೆಂಪು ಇದೆಯೆಂದು ದೂರದ ಊರಿನವರು ವಾಪಸ್ ಕಳಿಸುತ್ತಿದ್ದರು. ದೀಪಾವಳಿಗೆ ಮುಂಚೆ ಹೊಸ ಮಾಲಿಗೆ ಸರಿಯಾದ ಫೋಟೋ ಬೇಕು ಎಂಬುದು ಅವರ ಅಗತ್ಯ. ಎಷ್ಟು ಬೇಕು ಎಂದು ಕೇಳಿದರೆ ‘ಇನ್ನೂರ ಹಿಡೀರಿ’ ಎಂದರು.

ಆ ಇನ್ನೂರನ್ನು ಹಾಗೇ ಬರೆದುಕೊಂಡು ದರದಿಂದ ಗುಣಿಸಿದರೆ ಕೊಟೇಶನ್ ಆಗುತ್ತಿತ್ತು. ಆದರೆ ಅದರಲ್ಲಿ ಯಾವ ಸೀರೆಯ ಯಾವ ಭಾಗ ಎಂಬುದು ಇರುತ್ತಿರಲಿಲ್ಲ. ಅದಕ್ಕೇ ಸೀರೆಗಳನ್ನು ಹಾಸಿಗೆಯ ಮೇಲೆ ಬಿಡಿಸಿ ಹಾಕಿಸಿದೆ. ಎಂಟು ಡಿಸೈನು, ಪ್ರತಿಯೊಂದರಲ್ಲಿ ಮೂರು ಬಣ್ಣ, ಒಟ್ಟು 24 ಸೀರೆ. ಇಳಕಲ್ ಸೀರೆ ಕೊಳ್ಳುವವರು ಏನೇನು ನೋಡಲು ಕೇಳುತ್ತಾರೆ ಎಂದು ಸಾವ್ಕಾರ್ರನ್ನೇ ಕೇಳಿದೆ. ಅವರು ಬೆರಳಿಟ್ಟು ತೋರಿಸುತ್ತ ಹೋದರು. ಮೊದಲು ಮಡಚಿ ಹರವಿದ ಇಡೀ ಸೀರೆ. ಆಮೇಲೆ ಕೆಂಪು ಬಿಳಿಯ ತೋಪ್ ತೆನಿ ಸೆರಗು. ಸೆರಗಿನ ಹಾಸಿನ ಎಳೆಯೂ ಒಡಲಿನ ಹಾಸಿನ ಎಳೆಯೂ ಒಂದರೊಳಗೊಂದು ಸಿಕ್ಕಿಕೊಳ್ಳುವ ಕೊಂಡಿ ಎಲ್ಲಿದೆ ಎಂದು ತಿಳಿದವರು ಹುಡುಕಿ ನೋಡುತ್ತಾರಂತೆ. ನಂತರ ಒಡಲಿನ ನೇಯ್ಗೆ ಹತ್ತಿರದಿಂದ. ಕೊನೆಗೆ ದಡಿ, ಅದರ ನಮೂನೆ ಗೋಮಿಯೋ ಚಿಕ್ಕಿ ಪರಾಸವೋ ಗೊತ್ತಾಗುವ ಹಾಗೆ.

ನಾಲ್ಕು ನೋಟ, 24 ಸೀರೆ ಎಂದರೆ 96 ಆಗಬೇಕು. ಆದರೆ ಒಂದು ಡಿಸೈನಿನ ಮೂರು ಬಣ್ಣದ ಸೀರೆಗಳನ್ನು ಪಕ್ಕಪಕ್ಕ ಇಟ್ಟಾಗ ದಡಿ ಮೂರರಲ್ಲೂ ಒಂದೇ ಇತ್ತು. ಅದನ್ನು ಮೂರು ಸಲ ತೆಗೆದರೆ ಅಂಗಡಿಯ ದುಡ್ಡು ದಂಡ. ‘ಹಂಗಾದ್ರ ಸೆರಗೂ ಒಂದಽ ಸಾಕಲ್ಲರಿ, ಎಲ್ಲಾದರಾಗೂ ಕೆಂಪು ಬಿಳೀನಽ ಐತಿ’ ಎಂದ ಮಗ. ತಂದೆ ಒಪ್ಪಲಿಲ್ಲ. ‘ಕೊಂಡಿ ಕಾಣೂ ಕಡೆ ಒಡಲಿನ ಬಣ್ಣಾನೂ ಕಾಣ್ತೈತಿ. ಹಸರು ಸೀರಿ ಕೇಳಿದವರಿಗೆ ಕೆಂಪು ಸೀರಿ ಸೆರಗು ತೋರಿಸಿದ್ರ ನಂಬ್ತಾರೇನು?’ ಅವರ ಮಾತು ಸರಿ. ಹಾಗಾಗಿ ಇಡೀ ಸೀರೆ 24, ಕೊಂಡಿ ಸಮೇತ ಸೆರಗು 24, ಒಡಲು 24, ದಡಿ ಡಿಸೈನಿಗೊಂದರಂತೆ 8, ಒಟ್ಟು 80. ಇದರ ಮೇಲೆ ಆರು ಸೀರೆಗಳನ್ನು ಸಾವ್ಕಾರ್ರ ತಮ್ಮನ ಮಗಳು ಉಟ್ಟು ನಿಲ್ಲುವುದು, ಎದುರಿನಿಂದ ಒಂದು, ಸೆರಗು ಕಾಣುವಂತೆ ಹಿಂದಿನಿಂದ ಒಂದು, ಅಂದರೆ 12. ಎಲ್ಲ ಸೇರಿ 92. ಇನ್ನೂರರ ಅರ್ಧಕ್ಕಿಂತ ಕಡಿಮೆ. ನನ್ನ ಸಂಪಾದನೆ ಕಡಿಮೆಯಾದರೂ ಈ ಲೆಕ್ಕದಲ್ಲಿ ಮುಂದೆ ಜಗಳಕ್ಕೆ ಜಾಗವಿಲ್ಲ, ಏಕೆಂದರೆ ಪ್ರತಿ ಚಿತ್ರಕ್ಕೂ ಒಂದು ಹೆಸರಿದೆ.

ಹೆಸರು ಎಂದದ್ದು ಅಕ್ಷರಶಃ. `07-B-2.jpg` ಎಂದರೆ ಏಳನೇ ಡಿಸೈನು, ಎರಡನೇ ಬಣ್ಣ, ಸೆರಗಿನ ನೋಟ. ಈ ಪಟ್ಟಿಯನ್ನು ಕೊಟೇಶನ್ನಿನ ಹಿಂದಿನ ಹಾಳೆಯಾಗಿ ಲಗತ್ತಿಸಿದೆ. ಪತ್ರದಲ್ಲಿ ಎಣಿಕೆಯ ಭಾಗ ಹೀಗಿತ್ತು:

“ಒಂದು ಚಿತ್ರ ಎಂದರೆ ಪಟ್ಟಿಯಲ್ಲಿರುವ ಒಂದು ನೋಟದ, ಬಣ್ಣ ತಿದ್ದಿ ಮುಗಿಸಿದ ಒಂದು ಫೈಲು. ಅದೇ ಚಿತ್ರವನ್ನು ವಾಟ್ಸಾಪ್ ಕ್ಯಾಟಲಾಗಿಗೆ ಚೌಕವಾಗಿ, ಇನ್‌ಸ್ಟಾಗ್ರಾಮಿಗೆ ಉದ್ದವಾಗಿ ಕತ್ತರಿಸಿ ಕೊಡುವುದು ಇದೇ ದರದಲ್ಲಿ ಸೇರಿದೆ; ಅವನ್ನು ಬೇರೆ ಚಿತ್ರವಾಗಿ ಎಣಿಸುವುದಿಲ್ಲ. ಒಂದು ನೋಟಕ್ಕೆ ನಾನು ಹಲವು ಸಲ ಕ್ಲಿಕ್ ಮಾಡುತ್ತೇನೆ. ಅವುಗಳಲ್ಲಿ ಆಯ್ದ ಒಂದನ್ನು ಮಾತ್ರ ಕೊಡುತ್ತೇನೆ. ಉಳಿದವು ಮತ್ತು ಕ್ಯಾಮೆರಾದ ಮೂಲ ಫೈಲುಗಳು ಇದರಲ್ಲಿ ಸೇರಿಲ್ಲ.”

ಕೊನೆಯ ವಾಕ್ಯದ ಬಗ್ಗೆ ಮಗ ಕೇಳಿದ: ‘ಹೊಡದದ್ದು ಎಲ್ಲಾ ಕೊಟ್ಟಬಿಡ್ರಿ ಅಕ್ಕಾರ, ನಾ ಆರಿಸ್ಕೋತೀನಿ.’ ಮದುವೆ ಫೋಟೋದವರು ಪೆನ್‌ಡ್ರೈವ್ ತುಂಬ ಕೊಡುವ ರೂಢಿ ಇರುವುದರಿಂದ ಈ ನಿರೀಕ್ಷೆ ಸಹಜ. ಆದರೆ ಸೀರೆಯ ಕೆಲಸದಲ್ಲಿ ಹತ್ತು ಕ್ಲಿಕ್ಕಿನಲ್ಲಿ ಒಂಬತ್ತು ಬೆಳಕು ಹೊಂದಿಸಲು, ಮಡಿಕೆ ಸರಿಮಾಡಲು ಹೊಡೆದವು. ಬಣ್ಣ ತಿದ್ದದ ಆ ಒಂಬತ್ತರಲ್ಲಿ ಒಂದು ವಾಟ್ಸಾಪಿಗೆ ಹೋದರೆ, ಯಾವ ದೂರು ನಿಲ್ಲಲಿ ಎಂದು ನನ್ನನ್ನು ಕರೆದರೋ ಆ ದೂರೇ ಮತ್ತೆ ಬರುತ್ತದೆ. ಇದನ್ನು ಹೇಳಿದ ಮೇಲೆ ಅವನು ಆ ಮಾತು ಬಿಟ್ಟ.

ಎರಡನೆಯ ಭಾಗ ತಿದ್ದುಪಡಿ. ಇಲ್ಲಿ ಎಷ್ಟು ಸುತ್ತು ಎಂಬುದಕ್ಕಿಂತ ಸುತ್ತು ಎಂದರೇನು ಎಂಬುದನ್ನು ಬರೆಯುವುದೇ ಹೆಚ್ಚು ಮುಖ್ಯ ಎಂದು ನನ್ನ ದೃಢ ಅಭಿಪ್ರಾಯ. ‘ಎರಡು ಸಲ ತಿದ್ದಿ ಕೊಡಲಾಗುವುದು’ ಎಂದಷ್ಟೇ ಬರೆದರೆ ಬೆಳಿಗ್ಗೆ ತಂದೆಯ ಧ್ವನಿ ಸಂದೇಶ, ಮಧ್ಯಾಹ್ನ ಮಗನ ಸಂದೇಶ, ರಾತ್ರಿ ಮನೆಯವರು ನೋಡಿ ಹೇಳಿದ ಇನ್ನೊಂದು ಮಾತು, ಹೀಗೆ ಬಂದದ್ದರಲ್ಲಿ ಯಾವುದು ಮೊದಲ ಸಲ, ಯಾವುದು ಮೂರನೆಯದು ಎಂದು ಯಾರೂ ಹೇಳಲಾರರು. ಒಬ್ಬರು ಬಣ್ಣ ಗಾಢವಾಗಲಿ ಎಂದರೆ ಇನ್ನೊಬ್ಬರು ತಿಳಿಯಾಗಲಿ ಎನ್ನುತ್ತಾರೆ. ಆದ್ದರಿಂದ ಪತ್ರದಲ್ಲಿ ಬರೆದೆ:

“ಎಲ್ಲ 92 ಚಿತ್ರಗಳ ಸಣ್ಣ ಅಳತೆಯ ಪ್ರತಿಗಳನ್ನು ಗುರುತು ಹಾಕಿ ಒಟ್ಟಿಗೆ ಕಳಿಸುತ್ತೇನೆ. ಮನೆಯವರೆಲ್ಲ ನೋಡಿದ ಮೇಲೆ ನಿಮ್ಮಲ್ಲಿ ಒಬ್ಬರು, ಫೈಲಿನ ಹೆಸರು ಮತ್ತು ಬೇಕಾದ ಬದಲಾವಣೆಯನ್ನು ಬರೆದು, ಒಂದೇ ಪಟ್ಟಿಯಾಗಿ ಏಳು ದಿನದೊಳಗೆ ಕಳಿಸಬೇಕು. ಆ ಒಂದು ಪಟ್ಟಿಯೇ ಒಂದು ಸುತ್ತು. ಅದರಲ್ಲಿ ಎರಡು ಚಿತ್ರವಿರಲಿ, ನಲವತ್ತಿರಲಿ. ಇಂಥ ಎರಡು ಸುತ್ತು ದರದಲ್ಲಿ ಸೇರಿವೆ. ಮೂರನೆಯದರಿಂದ ಸುತ್ತಿಗೆ 600 ರೂಪಾಯಿ. ಬಣ್ಣ, ಬೆಳಕು, ಕತ್ತರಿಸಿದ ಅಂಚು, ಹಿನ್ನೆಲೆಯ ಕಲೆ, ಎದ್ದ ನೂಲು, ಇವು ತಿದ್ದುಪಡಿ. ಸೀರೆಯನ್ನು ಬೇರೆ ರೀತಿ ಮಡಚುವುದು, ನಿರಿಗೆ ಬದಲಿಸುವುದು, ಬೇರೆ ಸೀರೆ ಹಾಕುವುದು ಮರುಚಿತ್ರೀಕರಣ. ಅದಕ್ಕೆ ಬೇರೆ ದರ. ಪಟ್ಟಿಯಲ್ಲಿರುವ ನೋಟ ನನ್ನಿಂದ ತಪ್ಪಿಹೋಗಿದ್ದರೆ ಅಥವಾ ಮಸುಕಾಗಿದ್ದರೆ ಅದನ್ನು ಸುತ್ತಿನಲ್ಲಿ ಎಣಿಸದೆ ಮತ್ತೆ ತೆಗೆದುಕೊಡುವ ಹೊಣೆ ನನ್ನದು.”

ಕೊನೆಯ ಸಾಲು ಇಲ್ಲದಿದ್ದರೆ ಮೇಲಿನದೆಲ್ಲ ಅಂಗಡಿಯವರ ಕೈ ಕಟ್ಟುವ ಷರತ್ತಾಗಿ ಮಾತ್ರ ಕಾಣುತ್ತದೆ. ಸಾವ್ಕಾರ್ರು ಓದುತ್ತ ಈ ಸಾಲಿಗೆ ಬಂದಾಗ ‘ಇದು ಬರೋಬ್ಬರಿ ಐತಿ’ ಎಂದು ತಲೆಯಾಡಿಸಿದರು.

ಸೀರೆಯ ಫೋಟೋದಲ್ಲಿ ತಿದ್ದುಪಡಿ ಎಂದರೆ ಬಹುಪಾಲು ಬಣ್ಣ. ಅಂಗಡಿಯ ಎಲ್‌ಇಡಿ ಬೆಳಕೂ ಬಾಗಿಲಿನಿಂದ ಬರುವ ಬಿಸಿಲೂ ಒಂದೇ ಸೀರೆಯ ಮೇಲೆ ಬಿದ್ದರೆ ಒಂದು ಬದಿ ನೀಲಿಗೆ, ಇನ್ನೊಂದು ಬದಿ ಹಳದಿಗೆ ತಿರುಗುತ್ತದೆ. ಎರಡನ್ನೂ ಒಟ್ಟಿಗೆ ಸರಿಮಾಡುವುದು ಬಹಳ ಕಷ್ಟ. ಕೆಂಪಿನ ಕಷ್ಟ ಬೇರೆಯೇ. ಕ್ಯಾಮೆರಾ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲಾಗಿ ಅಳೆಯುತ್ತದೆ. ದಾಳಿಂಬೆ ಕೆಂಪಿನ ರೇಷ್ಮೆ ಸೆರಗಿನಲ್ಲಿ ಕೆಂಪಿನ ಪಾಲು ಉಳಿದೆರಡಕ್ಕಿಂತ ಬಹಳ ಮುಂಚೆ ತುಂಬಿಬಿಡುತ್ತದೆ. ಒಟ್ಟಾರೆ ಚಿತ್ರ ಬೆಳಕಾಗಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಸೆರಗಿನಲ್ಲಿ ಎಳೆ ಕಾಣದೆ ಬಣ್ಣ ಬಳಿದ ಹಾಗಿರುತ್ತದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಮೂರು ಬಣ್ಣದ ಗ್ರಾಫ್ ಬೇರೆ ಬೇರೆಯಾಗಿ ತೆರೆದು, ಕೆಂಪಿನದು ಬಲತುದಿಗೆ ಒತ್ತಿ ನಿಂತಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಒತ್ತಿದ್ದರೆ ಬೆಳಕು ತುಸು ಇಳಿಸಿ ಮತ್ತೆ ತೆಗೆಯಬೇಕು. ಹೋದ ಎಳೆಯನ್ನು ಕಂಪ್ಯೂಟರಿನಲ್ಲಿ ಮರಳಿ ತರುವುದು ಹೆಚ್ಚಾಗಿ ಆಗದ ಮಾತು.

ಇಷ್ಟು ಜಾಗ್ರತೆ ಮಾಡಿದರೂ ಬಣ್ಣ ಒಪ್ಪುವವರ ಮೊಬೈಲಿನಲ್ಲಿ ಕಣ್ಣಿಗೆ ತಂಪಿನ ಹಳದಿ ಬೆಳಕು ಚಾಲೂ ಇದ್ದರೆ ಎಲ್ಲವೂ ಕಿತ್ತಳೆಯೇ. ಹಾಗಾಗಿ ಪತ್ರದಲ್ಲಿ ಎರಡು ಸಾಲು ಸೇರಿಸಿದೆ. ಚಿತ್ರೀಕರಣದ ದಿನ ಮೊದಲ ಸೀರೆಯ ನಾಲ್ಕೂ ನೋಟ ತೆಗೆದು, ಬೂದು ಬಣ್ಣದ ಕಾರ್ಡ್ ಇಟ್ಟು ಬಣ್ಣ ಹೊಂದಿಸಿ, ನನ್ನ ಲ್ಯಾಪ್‌ಟಾಪಿನ ಪಕ್ಕದಲ್ಲಿ ಆ ಸೀರೆಯನ್ನೇ ಹಗಲು ಬೆಳಕಿನಲ್ಲಿ ಹಿಡಿದು ಸಾವ್ಕಾರ್ರು ಒಪ್ಪಬೇಕು. ಆಮೇಲೆ ಉಳಿದ 23 ಸೀರೆಗೆ ಕೈ ಹಾಕುವುದು. ಎರಡನೆಯದು, ನೋಡುವವರ ಮೊಬೈಲುಗಳಲ್ಲಿ ಬಣ್ಣ ತುಸು ಹೆಚ್ಚುಕಡಿಮೆ ಆಗುವುದನ್ನು ತಡೆಯಲಾಗದು. ಫೈಲುಗಳನ್ನು sRGB ಯಲ್ಲಿ ಕೊಡುತ್ತೇನೆ. ಎಲ್ಲ ಬಗೆಯ ಮೊಬೈಲುಗಳಲ್ಲಿ ಹೆಚ್ಚುಕಡಿಮೆ ಸರಿಯಾಗಿ ಕಾಣುವುದು ಆ ಬಣ್ಣದ ಅಳತೆ. ಈ ಸ್ಥಳದ ಒಪ್ಪಿಗೆಯನ್ನು ಸುತ್ತುಗಳಲ್ಲಿ ಎಣಿಸಿಲ್ಲ. ಬಣ್ಣದ ತಕರಾರು ಬಂದರೆ ಮೊದಲ ಸೀರೆಯಲ್ಲೇ ಬರಲಿ ಎಂಬುದು ಅದರ ಉದ್ದೇಶ.

ಮೂರನೆಯ ಭಾಗ ಹಕ್ಕು. ನಮ್ಮ ಕಡೆಯ ಸಣ್ಣ ಅಂಗಡಿಗಳಿಗೆ ಕೊಡುವ ಕೊಟೇಶನ್ನುಗಳಲ್ಲಿ ಈ ಭಾಗವೇ ಇರುವುದಿಲ್ಲ. ಹೊರದೇಶದ ಮಾದರಿ ಪತ್ರಗಳನ್ನು ನೋಡಿ ಬರೆಯುವವರು ‘ಕಾಪಿರೈಟ್ ಸಹಜವಾಗಿ ಛಾಯಾಗ್ರಾಹಕರದು’ ಎಂದು ನಂಬಿ ಸುಮ್ಮನಿರುತ್ತಾರೆ. ನಮ್ಮ ದೇಶದ ಕಾನೂನು ಹಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಅಂದರೆ ನಾನು ಪತ್ರದಲ್ಲಿ ಏನೂ ಬರೆಯದಿದ್ದರೆ 92 ಚಿತ್ರಗಳೂ ಅಂಗಡಿಯವು. ನನ್ನ ಹತ್ತಿರ ಏನಾದರೂ ಉಳಿಯಬೇಕಾದರೆ ಅದನ್ನು ನಾನೇ ಬಾಯಿಬಿಟ್ಟು ಕೇಳಿ, ಬರೆದು, ಅವರಿಂದ ಒಪ್ಪಿಗೆ ಪಡೆಯಬೇಕು. ಸಾವ್ಕಾರ್ರಿಗೆ ಇದನ್ನು ಮರೆಮಾಚದೆ ಹೇಳಿದೆ. ಅವರಿಗೆ ಕಾನೂನು ಕೊಟ್ಟದ್ದನ್ನು ಗೊತ್ತಿಲ್ಲದ ಹಾಗೆ ಪತ್ರದಲ್ಲಿ ಕಸಿದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಆಮೇಲೆ ನಿಜವಾಗಿ ನನಗೆ ಏನು ಬೇಕು ಎಂದು ಯೋಚಿಸಿದೆ. ಬಿಳಿ ಹಿನ್ನೆಲೆಯ ಮೇಲೆ ಹರವಿದ ಸೀರೆಯ 80 ಚಿತ್ರಗಳಿಂದ ನನಗೆ ಬೇರೆಲ್ಲೂ ಉಪಯೋಗವಿಲ್ಲ. ಆ ಸೀರೆ ಮಾರಿಹೋದ ಮೇಲೆ ಅಂಗಡಿಗೂ ಅವುಗಳಿಂದ ಹೆಚ್ಚು ಕೆಲಸವಿಲ್ಲ. ಅವುಗಳ ಹಕ್ಕು ಹಿಡಿದುಕೊಂಡು ಕೂರುವುದರಲ್ಲಿ ಅರ್ಥ ಕಾಣಲಿಲ್ಲ. ಹೆಣ್ಣುಮಗಳು ಉಟ್ಟು ನಿಂತ 12 ಚಿತ್ರ ಹಾಗಲ್ಲ. ಅವು ವರ್ಷಗಟ್ಟಲೆ ಅಂಗಡಿಯ ಮುಖವಾಗಬಲ್ಲವು, ಗೋಡೆ ತುಂಬುವ ಫ್ಲೆಕ್ಸ್ ಆಗಬಲ್ಲವು. ಅವುಗಳಲ್ಲಿ ಇನ್ನೊಬ್ಬರ ಮುಖವೂ ಇದೆ. ಹಾಗಾಗಿ ಹಕ್ಕನ್ನು ಎರಡು ಪಾಲು ಮಾಡಿದೆ:

“ಪಟ್ಟಿಯ ಮೊದಲ 80 ಚಿತ್ರಗಳ ಕೃತಿಸ್ವಾಮ್ಯ ಕಾನೂನಿನಂತೆ ಅಂಗಡಿಯದು. ನನ್ನ ಕೆಲಸದ ಮಾದರಿಯಾಗಿ ಅವನ್ನು ತೋರಿಸಲು ಮಾತ್ರ ನನಗೆ ಅನುಮತಿ ಇರಲಿ. ಕೊನೆಯ 12 ಚಿತ್ರಗಳ ಕೃತಿಸ್ವಾಮ್ಯ, ನಮ್ಮಿಬ್ಬರ ಈ ಒಪ್ಪಂದದಿಂದ, ನನ್ನದಾಗಿ ಉಳಿಯುತ್ತದೆ. ಅವನ್ನು ಅಂಗಡಿಯು ತನ್ನ ವಾಟ್ಸಾಪ್, ಇನ್‌ಸ್ಟಾಗ್ರಾಮ್, ವೆಬ್‌ಸೈಟು, ಅಂಗಡಿಯೊಳಗಿನ ಚಿತ್ರ, ಚೀಲ ಮತ್ತು ಕಾರ್ಡುಗಳಲ್ಲಿ ಎರಡು ವರ್ಷ, ಜಗತ್ತಿನ ಎಲ್ಲ ಕಡೆ ಬಳಸಬಹುದು. ರಸ್ತೆ ಬದಿಯ ಫ್ಲೆಕ್ಸ್, ಪತ್ರಿಕೆ ಮತ್ತು ಟಿವಿ ಜಾಹೀರಾತು ಇದರಲ್ಲಿ ಸೇರಿಲ್ಲ. ಬೇಕಾದಾಗ ಒಂದು ಚಿತ್ರಕ್ಕೆ ಮೂರು ತಿಂಗಳಿಗೆ 2,000 ರೂಪಾಯಿ.”

ಎರಡು ವರ್ಷ, ಜಗತ್ತಿನ ಎಲ್ಲ ಕಡೆ ಎಂದು ಬಿಡಿಸಿ ಬರೆಯಲು ಕಾರಣವಿದೆ. ಕಾಯ್ದೆಯ 19ನೇ ಕಲಮಿನಂತೆ ಅವಧಿ ಬರೆಯದೆ ಹಕ್ಕು ಕೊಟ್ಟರೆ ಅದು ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ಲೆಕ್ಕ. ಬಳಸಲು ಕೊಡುವ ಪರವಾನಗಿಗೂ ಇದೇ ನಿಯಮ. ಹೊರದೇಶದಲ್ಲಿರುವ ನಮ್ಮ ಕಡೆಯವರು ಇನ್‌ಸ್ಟಾಗ್ರಾಮಿನಲ್ಲಿ ನೋಡಿ ಸೀರೆ ತರಿಸಿಕೊಳ್ಳುವ ಅಂಗಡಿಗೆ ‘ಭಾರತದೊಳಗೆ ಮಾತ್ರ’ ಎಂಬುದು ನಡೆಯುವ ಮಾತಲ್ಲ.

ಈ ಭಾಗದ ಕರಡಿನಲ್ಲಿ ಇನ್ನೊಂದು ಸಾಲು ಇತ್ತು: ‘ಈ 12 ಚಿತ್ರಗಳನ್ನು ಬೇರೆ ಮಾರಾಟಗಾರರಿಗೆ ಕೊಡುವಂತಿಲ್ಲ.’ ಸಾವ್ಕಾರ್ರು ಅಲ್ಲಿ ಬೆರಳಿಟ್ಟು ನಿಂತರು. ‘ತಂಗಿ, ಇದು ನಡ್ಯಾಂಗಿಲ್ಲ. ನಮ್ಮ ಸೀರಿ ಮಾರೂದಽ ಊರೂರಿನ ಹೆಣ್ಣಮಕ್ಕಳು. ಅವರು ನಮ್ಮ ಫೋಟೋ ತಮ್ಮ ಗ್ರುಪ್ಪಿಗೆ ಹಾಕ್ತಾರ, ಆರ್ಡರ್ ಹಿಡೀತಾರ, ನಾವು ಸೀರಿ ಕಳಸ್ತೀವಿ. ಫೋಟೋ ಕೊಡಬ್ಯಾಡ ಅಂದ್ರ ಅವರು ಏನ್ ತೋರಿಸಬೇಕು?’ ಸೀರೆ ವ್ಯಾಪಾರದ ನರನಾಡಿಯೇ ಈ ಮರುಮಾರಾಟದ ಹೆಂಗಸರು. ಬೇರೆ ಸಾಮಾನಿನ ಅಂಗಡಿಗೆ ಸರಿಹೋಗುವ ಷರತ್ತು ಇಲ್ಲಿ ವ್ಯಾಪಾರವನ್ನೇ ನಿಲ್ಲಿಸುತ್ತದೆ. ಇಂಥ ಷರತ್ತು ಪತ್ರದಲ್ಲಿ ಉಳಿದರೂ ಯಾರೂ ಪಾಲಿಸುವುದಿಲ್ಲ, ಮೊದಲ ದಿನವೇ ಮುರಿಯುತ್ತದೆ. ಹಾಗೆ ಮುರಿದ ಷರತ್ತು ಪಕ್ಕದ ಷರತ್ತುಗಳ ಬೆಲೆಯನ್ನೂ ಇಳಿಸುತ್ತದೆ.

ಹಾಗಾದರೆ ನಾನು ತಡೆಯಬೇಕೆಂದದ್ದು ಏನು? ಆ ಚಿತ್ರ ಇನ್ನೊಂದು ಅಂಗಡಿಯ ಜಾಹೀರಾತಾಗುವುದನ್ನು, ಯಂತ್ರದಲ್ಲಿ ನೇಯ್ದ ಅಗ್ಗದ ಸೀರೆಗೆ ಈ ಕೈಮಗ್ಗದ ಸೀರೆಯ ಫೋಟೋ ತೋರಿಸಿ ಮಾರುವುದನ್ನು. ಅದನ್ನು ತಡೆಯುವುದು ಸಾವ್ಕಾರ್ರಿಗೂ ಬೇಕಾಗಿತ್ತು. ಇಬ್ಬರೂ ಕೂತು ಸಾಲು ಬದಲಿಸಿದೆವು: “ಈ ಅಂಗಡಿಯ ಸೀರೆಯನ್ನೇ ಮಾರುವವರು, ಮಾರುವಷ್ಟು ಕಾಲ, ಈ ಚಿತ್ರಗಳನ್ನು ತಮ್ಮ ಗ್ರುಪ್ಪುಗಳಲ್ಲಿ ತೋರಿಸಬಹುದು. ಬೇರೆಯವರ ಮಾಲಿಗೆ, ಬೇರೆ ಅಂಗಡಿಯ ಹೆಸರಿನಲ್ಲಿ ಬಳಸುವಂತಿಲ್ಲ.” ಮರುಮಾರಾಟಕ್ಕೆ ಕಳಿಸುವ ಪ್ರತಿಗಳ ಮೂಲೆಯಲ್ಲಿ ಅಂಗಡಿಯ ಹೆಸರು ಸಣ್ಣದಾಗಿ ಇರಲಿ ಎಂದು ಮಗ ಸೂಚಿಸಿದ. ಹಾಗೆ ಒಂದು ಜೊತೆ ಪ್ರತಿ ಮಾಡಿಕೊಡಲು ಒಪ್ಪಿದೆ, ಹೆಚ್ಚಿನ ದರವಿಲ್ಲದೆ.

ಸೀರೆ ಉಟ್ಟು ನಿಲ್ಲುವ ಹೆಣ್ಣುಮಗಳಿಂದ ಬೇರೆಯೇ ಒಂದು ಒಪ್ಪಿಗೆ ಪತ್ರ ಬರೆಸಿಕೊಂಡೆ. ಮನೆಯ ಮಗಳಿಗೇಕೆ ಪತ್ರ ಎಂದು ಅವರಿಗೆ ಅನಿಸಿತು. ಚಿತ್ರದ ಹಕ್ಕು ಬೇರೆ, ಚಿತ್ರದಲ್ಲಿರುವವರ ಒಪ್ಪಿಗೆ ಬೇರೆ. ನಾನೂ ಅಂಗಡಿಯೂ ಸೇರಿ ಒಪ್ಪಿದರೂ ಅವಳ ಮುಖ ಎಲ್ಲೆಲ್ಲಿ ಕಾಣಬೇಕೆಂದು ಹೇಳಬೇಕಾದವಳು ಅವಳು. ಅವಳು ಮೊಬೈಲು ಮತ್ತು ಅಂಗಡಿಯೊಳಗೆ ಆಗಬಹುದು ಎಂದಳು, ರಸ್ತೆಯ ಫ್ಲೆಕ್ಸಿಗೆ ಆ ಹೊತ್ತಿಗೆ ಕೇಳಿ ಎಂದಳು. ಅದನ್ನೇ ಬರೆದೆವು, ವಯಸ್ಸು 18 ದಾಟಿದೆ ಎಂಬುದನ್ನೂ ಸೇರಿಸಿ.

ಹಣದ ಭಾಗ ನಾಲ್ಕೇ ಸಾಲು. 80 ಚಿತ್ರಕ್ಕೆ 150ರಂತೆ 12,000, ಉಟ್ಟ ಸೀರೆಯ 12ಕ್ಕೆ 500ರಂತೆ 6,000, ಹೋಗಿಬರುವ ಮತ್ತು ಬೆಳಕಿನ ಸಾಮಾನಿನ ಖರ್ಚು 1,500, ಒಟ್ಟು 19,500. ಅರ್ಧ ಮುಂಗಡ, ಉಳಿದರ್ಧ ದೊಡ್ಡ ಫೈಲು ಕೊಡುವ ಮೊದಲು. ನನ್ನ ವರ್ಷದ ವಹಿವಾಟು 20 ಲಕ್ಷದ ಮಿತಿಗಿಂತ ಬಹಳ ಕೆಳಗಿರುವುದರಿಂದ ಜಿಎಸ್‌ಟಿ ನೋಂದಣಿ ಇಲ್ಲ, ಜಿಎಸ್‌ಟಿ ಹಾಕಿಲ್ಲ ಎಂದೂ ಬರೆದೆ. ಇಲ್ಲದಿದ್ದರೆ ಬಿಲ್ಲು ಕೊಡುವ ಹೊತ್ತಿಗೆ ಅಂಗಡಿಯ ಲೆಕ್ಕಪತ್ರದವರು ಕೇಳುತ್ತಾರೆ. ದರ 30 ದಿನ ಚಾಲ್ತಿ. ಎರಡು ಪ್ರತಿಗೆ ಇಬ್ಬರೂ ಸಹಿ ಮಾಡಿದೆವು. ವಾಟ್ಸಾಪಿನಲ್ಲಿ ‘ಓಕೆ’ ಸಾಕಲ್ಲ ಎಂದು ಮಗ ಕೇಳಿದ್ದ. ಹಕ್ಕಿನ ವಿಷಯ ಬರಹದಲ್ಲಿ, ಸಹಿಯೊಂದಿಗೆ ಇದ್ದರೆ ಯಾರಿಗೂ ಸಂಶಯ ಉಳಿಯುವುದಿಲ್ಲ.

ಚಿತ್ರೀಕರಣದ ದಿನ ಅಂಗಡಿಯ ಮಾಳಿಗೆ ಕೋಣೆಯಲ್ಲಿ ಎಲ್‌ಇಡಿ ಆರಿಸಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ನನ್ನ ಬೆಳಕು ಮಾತ್ರ ಉಳಿಸಿಕೊಂಡೆ. ಮೊದಲ ಸೀರೆಯ ಸೆರಗು ನೋಡಿ ಸಾವ್ಕಾರ್ರು ‘ಇನ್ನ ಒಂಚೂರು ಒಳಗ ಕಪ್ಪು ಬೇಕು ಕೆಂಪಿನಾಗ’ ಎಂದರು. ಸೀರೆಯನ್ನು ಬಾಗಿಲ ಬಳಿ ಹಗಲಿಗೆ ಒಯ್ದು ನೋಡಿದಾಗ ಅವರ ಕಣ್ಣು ಸರಿಯಾಗಿತ್ತು. ಬೆಳಕು ಇಳಿಸಿ ಮತ್ತೆ ತೆಗೆದು ಅವರು ಒಪ್ಪಿದ ಮೇಲೆ ಆ ಹೊಂದಾಣಿಕೆಯಲ್ಲೇ ಉಳಿದೆಲ್ಲ ಸೀರೆ ನಡೆದವು.

ಮೊದಲ ಸುತ್ತಿನ ಪಟ್ಟಿ ಮಗನ ಕೈಬರಹದಲ್ಲಿ, ಒಂದೇ ಹಾಳೆಯಲ್ಲಿ ಬಂತು. 14 ಫೈಲುಗಳ ಹೆಸರು. ಅದರಲ್ಲಿ ಹನ್ನೊಂದು ನೇರ ತಿದ್ದುಪಡಿ, ಬಹಳಷ್ಟು ಒಡಲಿನ ನೋಟಗಳಲ್ಲಿ ಎದ್ದ ನೂಲು. ಎರಡರಲ್ಲಿ ‘ನಿರಿಗಿ ಸಣ್ಣದು ಮಾಡ್ರಿ’ ಎಂದಿತ್ತು. ಅವು ಉಟ್ಟ ಸೀರೆಯ ಚಿತ್ರಗಳು. ಪತ್ರದ ಪ್ರಕಾರ ಮರುಚಿತ್ರೀಕರಣ. ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿದೆ, ಅವರು ಇದ್ದ ಹಾಗೇ ಇರಲಿ ಎಂದರು. ಉಳಿದ ಒಂದು `03-C-2.jpg`, ಅದರಲ್ಲಿ ಕೊಂಡಿ ಮಡಿಕೆಯೊಳಗೆ ಅಡಗಿತ್ತು. ಪಟ್ಟಿಯಲ್ಲಿ ‘ಕೊಂಡಿ ಸಮೇತ ಸೆರಗು’ ಎಂದಿರುವಾಗ ಅದು ನನ್ನ ಹೊಣೆ. ಆ ಸೀರೆಯನ್ನು ಬಸ್ಸಿಗೆ ಹಾಕಿ ಕಳಿಸಿದರು, ಬಾಗಲಕೋಟೆಯಲ್ಲೇ ತೆಗೆದು ಕೊಟ್ಟೆ, ಸುತ್ತಿನಲ್ಲಿ ಎಣಿಸಲಿಲ್ಲ. ಎರಡನೆಯ ಸುತ್ತಿನಲ್ಲಿ ಬಂದದ್ದು ಮೂರೇ ಸಾಲು. ಉಳಿದ ಹಣ ಬಂದ ಮೇಲೆ ದೊಡ್ಡ ಫೈಲುಗಳನ್ನು ಡ್ರೈವಿನಲ್ಲಿ ಕಳಿಸಿದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಎಳೆ ಅಳಿಸುತ್ತದೆ, ಒಬ್ಬರಿಂದೊಬ್ಬರಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿರಿ ಎಂದು ಮಗನಿಗೆ ತೋರಿಸಿಕೊಟ್ಟೆ.

ದೀಪಾವಳಿ ಹತ್ತಿರ ಬಂದಾಗ ಸಾವ್ಕಾರ್ರ ಫೋನ್ ಬಂತು. ಬಸ್ ನಿಲ್ದಾಣದ ಎದುರು ಹತ್ತು ಅಡಿಯ ಫ್ಲೆಕ್ಸ್ ಹಾಕಬೇಕು, ಉಟ್ಟ ಸೀರೆಯದೊಂದು ಬೇಕು. ದರ ಪತ್ರದಲ್ಲೇ ಇದ್ದುದರಿಂದ ಚೌಕಾಶಿ ಆಗಲಿಲ್ಲ. ಆದರೆ ಹುಡುಗಿಯನ್ನು ಕೇಳಿದಾಗ ಅವಳು ಮುಖ ಕಾಣುವುದು ಬೇಡ ಎಂದಳು. ಆರು ಸೀರೆಗೂ ಹಿಂದಿನಿಂದ ತೆಗೆದ ಒಂದೊಂದು ಚಿತ್ರ ಇದ್ದೇ ಇತ್ತು. ಮುಖವಿಲ್ಲ, ಬೆನ್ನ ಮೇಲೆ ಇಡೀ ತೋಪ್ ತೆನಿ ಸೆರಗು. ಅವಳು ಅದಕ್ಕೆ ಒಪ್ಪಿದಳು. ಫೈಲಿನ ಉದ್ದ ಬದಿ 6,000 ಪಿಕ್ಸೆಲ್. ಹತ್ತು ಅಡಿಗೆ ಹರಡಿದರೆ ಇಂಚಿಗೆ 50 ಬರುತ್ತದೆ. ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ ಬೇಕಾಗುವ 300ಕ್ಕೆ ಇದು ಬಹಳ ಕಡಿಮೆ, ಆದರೆ ರಸ್ತೆಯಾಚೆಯಿಂದ ನೋಡುವ ಫ್ಲೆಕ್ಸಿಗೆ ಸಾಕು. ಹಳೆಯ ಪತ್ರದ ಎರಡೂ ಪ್ರತಿಗಳ ಕೆಳಗೆ ಚಿತ್ರದ ಹೆಸರು, ಶುರುವಾಗುವ ದಿನ, ಮೂರು ತಿಂಗಳು, 2,000 ರೂಪಾಯಿ ಎಂದು ಒಂದು ಸಾಲು ಸೇರಿಸಿ, ಸಾವ್ಕಾರ್ರೂ ನಾನೂ ಆ ಹುಡುಗಿಯೂ ಸಹಿ ಹಾಕಿದೆವು.